ರಾತ್ರಿ ಮೊಬೈಲು ಹಿಡಿದ ಮಗನ ಜೊತೆ ಮಾತು ಎಲ್ಲಿಂದ ಶುರು ಮಾಡಬೇಕು?

(ಗದಗಿನಲ್ಲಿ ಪಿಯು ವಿದ್ಯಾರ್ಥಿಗಳ ಪಾಲಕರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬರುವಾಗ ಮಕ್ಕಳ ಮೊಬೈಲು ತರಬೇಡಿ, ಅವರ ಟೆಸ್ಟ್ ಮಾರ್ಕ್ಸು ಬರೆದುಕೊಂಡು ಬನ್ನಿ ಅಂತ ಹೇಳಿ ಕಳಿಸಿದ್ದೆ. ಅರ್ಧ ಮಂದಿಯಾದರೂ ತಂದಿದ್ದೀರಿ, ಸಂತೋಷ. ಉಳಿದವರಿಗೆ ನೆನಪಿದ್ದಷ್ಟು ಸಾಕು.

ಮಗ ಅಥವಾ ಮಗಳ ಜೊತೆ ಕೂತು ಮಾತಾಡುವ ಮೊದಲು ಆ ಚೀಟಿಯನ್ನು ಒಮ್ಮೆ ಸಮಾಧಾನದಿಂದ ಓದಬೇಕು. ಟೋಟಲ್ ನೋಡಬೇಡಿ. ಒಂದೊಂದು ವಿಷಯ ಬಿಡಿಸಿ ನೋಡಿ. ಹಿಂದಿನ ಟೆಸ್ಟಿಗೂ ಈ ಟೆಸ್ಟಿಗೂ ಎಲ್ಲ ವಿಷಯಗಳಲ್ಲೂ ಹೆಚ್ಚುಕಡಿಮೆ ಒಂದೇ ಸಮ ಇಳಿದಿದೆಯೋ, ಇಲ್ಲಾ ಒಂದೆರಡು ವಿಷಯ ಮಾತ್ರ ಕುಸಿದು ಉಳಿದವು ನಿಂತಲ್ಲೇ ನಿಂತಿವೆಯೋ? ನಿದ್ದೆಗೆಟ್ಟ ಹುಡುಗ ಕನ್ನಡದ ತರಗತಿಯಲ್ಲೂ ತೂಕಡಿಸುತ್ತಾನೆ, ಜೀವಶಾಸ್ತ್ರದ ತರಗತಿಯಲ್ಲೂ ತೂಕಡಿಸುತ್ತಾನೆ. ಹಾಗಾಗಿ ನಿದ್ದೆಯದೇ ತೊಂದರೆಯಾಗಿದ್ದರೆ ಸಾಮಾನ್ಯವಾಗಿ ಎಲ್ಲ ಕಡೆ ಪೆಟ್ಟು ಬೀಳುತ್ತದೆ. ಗಣಿತ, ಭೌತಶಾಸ್ತ್ರ ಎರಡೇ ನೆಲ ಕಚ್ಚಿದ್ದರೆ ಅಲ್ಲಿ ಬೇರೇನೋ ನಡೆದಿದೆ. ಇದು ಪುರಾವೆ ಅಲ್ಲರಿ, ಸುಳಿವು ಅಷ್ಟೇ. ಆದರೆ ಈ ಸುಳಿವು ಕೈಯಲ್ಲಿ ಇಲ್ಲದೆ ಮಾತಿಗೆ ಕೂತರೆ ನಾವು ಆಡುವುದು ಒಂದೇ ಮಾತು: "ಮೊಬೈಲ್‌ನಿಂದ ನೀ ಹಾಳಾಗಾಕತ್ತಿ." ಆ ಮಾತನ್ನು ಆ ಹುಡುಗ ಎಷ್ಟು ಸಲ ಕೇಳಿದ್ದಾನೆ ಅಂದರೆ, ಈಗ ಅವನಿಗೆ ಅದು ಫ್ಯಾನಿನ ಸಪ್ಪಳದ ಹಾಗೆ.

ಇವತ್ತು ಒಂದು ಮನೆಯ ಸಂಗತಿಯನ್ನೇ ಇಟ್ಟುಕೊಂಡು ಮಾತಾಡುತ್ತೇನೆ. ಅದು ನಿಜಕ್ಕೂ ಒಂದು ಮನೆಯದಲ್ಲ. ಆಪ್ತಸಮಾಲೋಚನೆಗೆ ಬಂದ ಎರಡು ಮೂರು ಮನೆಗಳದನ್ನು ಕೂಡಿಸಿ, ಗುರುತು ಸಿಗದ ಹಾಗೆ ಮಾಡಿಕೊಂಡಿದ್ದೇನೆ. ಹೆಸರು ಬೇಡ, ಹುಡುಗ ಅನ್ನೋಣ.

ಹುಡುಗ ರೋಣದ ಕಡೆಯವನು. ಹತ್ತನೆಯತ್ತೆವರೆಗೆ ಕನ್ನಡ ಮಾಧ್ಯಮ, ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 91. ಊರಾಗ ಪೇಢೆ ಹಂಚಿದ್ದರು. ಮಗನ ಸಲುವಾಗಿಯೇ ಗದಗಿಗೆ ಬಂದು ಬಾಡಿಗೆ ಮನೆ ಹಿಡಿದು, ತಂದೆ ಇಲ್ಲೇ ಸಣ್ಣ ಕಿರಾಣಿ ಅಂಗಡಿ ಹಾಕಿದರು. ಪಿಯು ಸೈನ್ಸ್, ಇಂಗ್ಲಿಷ್ ಮಾಧ್ಯಮ. ಮೊದಲನೆಯ ಟೆಸ್ಟಿನಲ್ಲಿ ಭೌತಶಾಸ್ತ್ರ ನೂರಕ್ಕೆ 38ರ ಲೆಕ್ಕ, ಎರಡನೆಯದರಲ್ಲಿ 29. ಗಣಿತ 41 ಇದ್ದದ್ದು 30ಕ್ಕೆ ಬಂತು. ಕನ್ನಡ ಮತ್ತು ಜೀವಶಾಸ್ತ್ರ ಮೂರು ನಾಲ್ಕು ಅಂಕದ ಹೆಚ್ಚುಕಡಿಮೆಯಲ್ಲಿ ಹಾಗೇ ಇದ್ದವು. ರಾತ್ರಿ ಒಂದೂವರೆ ಎರಡರವರೆಗೆ ಹೊದಿಕೆಯೊಳಗೆ ಮೊಬೈಲ್ ಬೆಳಕು. ತಂದೆ ಎರಡು ಸಲ ಮೊಬೈಲು ಕಸಗೊಂಡಿದ್ದರು, ಒಂದು ಸಲ ಕೈ ಎತ್ತಿದ್ದರು. ಆಮೇಲೆ ಹುಡುಗ ಮನೆಯಲ್ಲಿ ಮಾತು ಬಿಟ್ಟಿದ್ದ. ಊಟಕ್ಕೆ ಕರೆದರೆ "ಹ್ಞೂಂ", ಅಷ್ಟೇ.

ಅಂಕಗಳನ್ನು ಬಿಡಿಸಿ ಹಾಕಿ ತೋರಿಸಿದೆ. ತಂದೆ ಬಹಳ ಹೊತ್ತು ನೋಡಿದರು. ಆಮೇಲೆ ತಾಯಿ ಒಂದು ಮಾತು ಹೇಳಿದರು: "ಸರ್ರ, ಜೂನ್‌ದಾಗ ಹತ್ತೂವರಿಗೆಲ್ಲಾ ಮಲಗತಿದ್ದ. ಈ ಹಾದಿ ಹಿಡಿದದ್ದು ಮೊದಲನೇ ಟೆಸ್ಟ್ ಆದ ಮ್ಯಾಲೆ." ಅಂದರೆ ಮಾರ್ಕ್ಸು ಬಿದ್ದದ್ದು ಮೊದಲು, ಮೊಬೈಲು ಬಂದದ್ದು ಆಮೇಲೆ. ತಾಯಂದಿರಿಗೆ ಇಂಥ ತಾರೀಖು ನೆನಪಿರುತ್ತದೆ, ಯಾರೂ ಕೇಳಿರುವುದಿಲ್ಲ ಅಷ್ಟೇ.

ಹಾಗಂದ ಮಾತ್ರಕ್ಕೆ ಮೊಬೈಲಿನದು ಏನೂ ತಪ್ಪಿಲ್ಲ ಅಂತಲ್ಲ. ಶುರುವಿಗೆ ಕಾರಣ ಅಲ್ಲದಿದ್ದರೂ, ಶುರುವಾದದ್ದನ್ನು ಬಿಗಿ ಮಾಡುತ್ತದೆ. ಇದು ಹೇಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಮಾತಾಡುವಾಗ ಇದು ಗೊತ್ತಿರಬೇಕಾಗುತ್ತದೆ.

ಹರೆಯಕ್ಕೆ ಬಂದ ಮಕ್ಕಳ ಮೈಯೊಳಗಿನ ಗಡಿಯಾರ ತಾನಾಗಿಯೇ ಒಂದೆರಡು ತಾಸು ಹಿಂದಕ್ಕೆ ಬೀಳುತ್ತದೆ. ನಿದ್ದೆಗೆ ದಾರಿ ಮಾಡುವ ಮೆಲಟೋನಿನ್ ಅನ್ನುವ ಹಾರ್ಮೋನು ನಮಗಿಂತ ಅವರಲ್ಲಿ ತಡವಾಗಿ ಏರುತ್ತದೆ. ಒಂಬತ್ತೂವರೆಗೆ ಲೈಟು ಆರಿಸಿ "ಮಲಕೋ" ಅಂದರೆ ಅವನಿಗೆ ನಿಜವಾಗಿಯೂ ನಿದ್ದೆ ಬರುವುದಿಲ್ಲ, ನಾಟಕ ಅಲ್ಲ ಅದು. ಆದರೆ ಅವನಿಗೆ ಬೇಕಾದ ನಿದ್ದೆ ಮಾತ್ರ ಕಡಿಮೆಯಾಗಿರುವುದಿಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ಅಂತ ನಿದ್ರಾತಜ್ಞರು ಹೇಳುತ್ತಾರೆ. ಈಗ ನಮ್ಮ ಹುಡುಗನ ದಿನಚರಿ ಲೆಕ್ಕ ಹಾಕಿ. ಮಲಗುವುದು ಒಂದೂವರೆ. ಐದೂವರೆಗೆ ಟ್ಯೂಷನ್ ಅಂತ ಐದಕ್ಕೆ ಎಬ್ಬಿಸುತ್ತಾರೆ. ಮೂರೂವರೆ ತಾಸು ನಿದ್ದೆ. ಕಾಲೇಜು ಮುಗಿಸಿ ಬಂದವನು ಸಂಜೆ ಐದರಿಂದ ಏಳರವರೆಗೆ ಸತ್ತವರ ಹಾಗೆ ಮಲಗುತ್ತಾನೆ. ಆ ಎರಡು ತಾಸಿನ ನಿದ್ದೆಯೇ ರಾತ್ರಿಯ ನಿದ್ದೆಯನ್ನು ತಿಂದುಹಾಕುತ್ತದೆ. ಹನ್ನೊಂದಕ್ಕೆ ಕಣ್ಣು ನಿಚ್ಚಳವಾಗಿರುತ್ತವೆ, ಮನೆಯವರೆಲ್ಲ ಮಲಗಿರುತ್ತಾರೆ, ಬೈಯುವವರು ಇಲ್ಲ, ಕೈಯಲ್ಲಿ ಮೊಬೈಲು. ಆದಿತ್ಯವಾರ ಹನ್ನೊಂದರವರೆಗೆ ಮಲಗಿ ವಾರದ ಬಾಕಿ ತೀರಿಸುತ್ತಾನೆ, ಅವತ್ತು ರಾತ್ರಿ ಮತ್ತೆ ನಿದ್ದೆ ಇಲ್ಲ. ಹಗಲು ಕಲಿತದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ಹೀಗಿರುವಾಗ ಐದೂವರೆಯ ಟ್ಯೂಷನ್ನಿಗೆ ಕೊಟ್ಟ ಫೀ ಎಲ್ಲಿಗೆ ಹೋಯಿತು ಅಂತ ನೀವೇ ಹೇಳಿ. ನನ್ನ ಮಟ್ಟಿಗೆ, ಈ ಹೊತ್ತು ಮೂಡುವ ಮೊದಲಿನ ಟ್ಯೂಷನ್ ಚಟ ಮೊಬೈಲಿನ ಚಟಕ್ಕಿಂತ ಕಡಿಮೆಯದೇನಲ್ಲ. ಇದಕ್ಕೆ ಸಿಟ್ಟಾಗುವವರು ಆಗಬಹುದು.

ಮೊಬೈಲಿನ ಬೆಳಕೇ ನಿದ್ದೆ ಕೆಡಿಸುತ್ತದೆ ಅಂತ ಎಲ್ಲ ಕಡೆ ಕೇಳಿರುತ್ತೀರಿ. ಬೆಳಕಿನದೂ ಸ್ವಲ್ಪ ಪಾತ್ರ ಇದೆ, ಆದರೆ ಪರದೆಗೆ ಹಳದಿ ಬಣ್ಣ ಹಾಕಿಕೊಟ್ಟು ಕೈ ತೊಳೆದುಕೊಳ್ಳಬೇಡಿ. ರೀಲ್ಸ್ ಮುಗಿಯುವುದೇ ಇಲ್ಲವಲ್ಲ, ಅದು ದೊಡ್ಡ ತೊಂದರೆ. ಸಿನಿಮಾಕ್ಕೆ ಕೊನೆ ಇರುತ್ತದೆ, ಕ್ರಿಕೆಟ್ ಮ್ಯಾಚಿಗೆ ಕೊನೆಯ ಓವರ್ ಇರುತ್ತದೆ. ಇಲ್ಲಿ ಎಲ್ಲಿ ನಿಲ್ಲಬೇಕು ಅನ್ನುವ ಜಾಗವೇ ಇಲ್ಲ. ಹದಿನಾರರ ಹುಡುಗನಿಗೆ ರಾತ್ರಿ ಒಂದು ಗಂಟೆಗೆ ಆ ಜಾಗ ತಾನೇ ಹುಡುಕು ಅಂದರೆ ಕಷ್ಟ. ನಮಗೇ ಆಗುವುದಿಲ್ಲ.

ಈಗ ಮಾತಿಗೆ ಬರೋಣ. ಮೊದಲು ಯಾವಾಗ, ಎಲ್ಲಿ ಅನ್ನುವುದು. ರಾತ್ರಿ ಹನ್ನೆರಡಕ್ಕೆ ಬಾಗಿಲು ದೂಡಿ ಒಳಗೆ ಹೋದಾಗ ಬೇಡ. ಮಾರ್ಕ್ಸು ಬಂದ ದಿನ ಬೇಡ. ಕಾಕಾ ದೊಡ್ಡಪ್ಪಂದಿರು ಕೂತಲ್ಲಿ ಅಂತೂ ಬೇಡವೇ ಬೇಡ. ಈ ವಯಸ್ಸಿನ ಮಕ್ಕಳಿಗೆ ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಕಷ್ಟ. ಪಕ್ಕಪಕ್ಕದಲ್ಲಿ, ಕೈಗೆ ಏನಾದರೂ ಕೆಲಸ ಇದ್ದಾಗ ಬಾಯಿ ಬಿಡುತ್ತಾರೆ. ಅಂಗಡಿ ಮುಚ್ಚುವ ಹೊತ್ತು, ಬೈಕಿನ ಮೇಲೆ ಹೊಲಕ್ಕೆ ಹೋಗುವ ಹೊತ್ತು, ಶೇಂಗಾ ಸುಲಿಯುವ ಹೊತ್ತು. ತಂದೆತಾಯಿ ಇಬ್ಬರೂ ಒಟ್ಟಿಗೆ ಬೇಡ, ಪಂಚಾಯಿತಿ ಆದೀತು. ಯಾರಿಗೆ ಸಿಟ್ಟು ಕಡಿಮೆಯೋ ಅವರು ಒಬ್ಬರೇ. ಹದಿನೈದು ನಿಮಿಷ ಸಾಕು. ಅಷ್ಟರಲ್ಲಿ ಏನೂ ತೀರ್ಮಾನ ಆಗಬೇಕಿಲ್ಲ. ಮೊದಲನೆಯ ಮಾತು ತಿಳಿದುಕೊಳ್ಳಲಿಕ್ಕೆ ಮಾತ್ರ. ಷರತ್ತು, ಒಪ್ಪಂದ ಎಲ್ಲ ಇನ್ನೊಂದು ದಿನ.

ನಮ್ಮ ಹುಡುಗನ ಮನೆಯಲ್ಲಿ ತಂದೆಯೇ ಮಾತಾಡುತ್ತೇನೆ ಅಂದರು. ಹಿಂದೆ ಕೈ ಎತ್ತಿದ್ದು ಅವರೇ ಆದ್ದರಿಂದ ನನಗೆ ಅನುಮಾನ ಇತ್ತು, ಆದರೆ ಅವರು ಹಟ ಹಿಡಿದರು. ಒಂದು ಆದಿತ್ಯವಾರ ರಾತ್ರಿ ಅಂಗಡಿಯಲ್ಲಿ ಸಕ್ಕರೆ ಪೊಟ್ಟಣ ಕಟ್ಟುತ್ತ ಇಬ್ಬರೇ ಕೂತಿದ್ದರು. ಅವತ್ತಿನ ಮಾತನ್ನು ತಂದೆ ನನಗೆ ಹೇಳಿದ್ದು ಹೆಚ್ಚುಕಡಿಮೆ ಹೀಗಿತ್ತು.

"ತಮ್ಮಾ, ಅವತ್ತ ನಾ ಹೊಡದದ್ದು ಛಲೋ ಆಗಲಿಲ್ಲ. ಇನ್ನ ಹಂಗ ಆಗೂದಿಲ್ಲ. ಇವತ್ತ ಬೈಯಾಕ ಕರದಿಲ್ಲ ನಿನ್ನ. ಕನ್ನಡ, ಬಯಾಲಜಿ ಮಾರ್ಕ್ಸ್ ಹಂಗ ಅದಾವು. ಫಿಜಿಕ್ಸ್, ಮ್ಯಾಥ್ಸ್ ಎರಡ ಇಳದಾವು. ಅಲ್ಲೇನ್ ನಡದೈತಿ ಅಂತ ನನಗ ತಿಳೀವಲ್ದು. ನೀ ಹೇಳಿದ್ರ ತಿಳಕೋತೀನಿ."

ಹುಡುಗ ಏನೂ ಹೇಳಲಿಲ್ಲ. ತಂದೆಯೂ ಸುಮ್ಮನೆ ಪೊಟ್ಟಣ ಕಟ್ಟಿದರು. ಇಲ್ಲೇ ನೋಡಿ, ನೂರಕ್ಕೆ ತೊಂಬತ್ತು ಮಂದಿ ಪಾಲಕರು ಸೋಲುವುದು. ಅರ್ಧ ನಿಮಿಷ ಮೌನ ಆದರೆ ನಮಗೆ ತಡೆಯಲಿಕ್ಕಾಗುವುದಿಲ್ಲ, "ಯಾಕ ಬಾಯಾಗ ನಾಲಿಗಿ ಇಲ್ಲನು?" ಅಂದುಬಿಡುತ್ತೇವೆ. ಈ ತಂದೆ ಸುಮ್ಮನಿದ್ದರು. ಐದಾರು ಪೊಟ್ಟಣ ಆದ ಮೇಲೆ ಹುಡುಗ ಅಂದ: "ಕ್ಲಾಸ್‌ನ್ಯಾಗ ಏನೂ ತಿಳೀವಲ್ದಪಾ."

"ಯಾವಾಗಿಂದ?"

"ಮೊದಲಿಂದನೂ."

"ಎಲ್ಲಿ ಬಂದು ನಿಂತಂಗ ಆಗತೈತಿ?"

ಗಮನಿಸಿ, ತಂದೆ "ಯಾಕ ತಿಳೀವಲ್ದು" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಹುಡುಗ ಸಬೂಬು ಹುಡುಕಬೇಕಾಗುತ್ತದೆ. ಯಾವಾಗಿಂದ, ಎಲ್ಲಿ, ಎಷ್ಟು ಹೊತ್ತಿಗೆ ಅಂತ ಕೇಳಿದರೆ ಉತ್ತರ ಕೊಡುವುದು ಸುಲಭ, ಯಾಕಂದರೆ ಅದರಲ್ಲಿ ತಪ್ಪೊಪ್ಪಿಗೆ ಇರುವುದಿಲ್ಲ. ಹುಡುಗ ನಿಧಾನಕ್ಕೆ ಹೇಳಿದ. ಸದಿಶ, ವೇಗೋತ್ಕರ್ಷ ಎಲ್ಲ ಅವನಿಗೆ ಕನ್ನಡದಲ್ಲಿ ಗೊತ್ತು. ಇಲ್ಲಿ ಲೆಕ್ಚರರು ಇಂಗ್ಲಿಷಿನಲ್ಲಿ ಹೇಳಿ ಮುಂದಕ್ಕೆ ಹೋಗುವಾಗ ಯಾವುದು ಯಾವುದೆಂದು ಹೊಂದಿಸುವಷ್ಟರಲ್ಲಿ ಬೋರ್ಡು ಒರೆಸಿರುತ್ತಾರೆ. ಕೈ ಎತ್ತಿ ಕೇಳಿದರೆ ಉಳಿದವರು ನಗುತ್ತಾರೆ ಅನ್ನುವ ಅಂಜಿಕೆ. 91 ತೆಗೆದ ಹುಡುಗನಿಗೆ ಈ ನಾಚಿಕೆ ಇನ್ನೂ ಹೆಚ್ಚು. ಹಾವೇರಿ, ಗದಗ ಜಿಲ್ಲೆಯ ಹಳ್ಳಿಗಳಿಂದ ಪಿಯು ಸೈನ್ಸಿಗೆ ಅಂತ ಗದಗಿಗೋ ಧಾರವಾಡಕ್ಕೋ ಬಂದ ಮಕ್ಕಳಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಬುದ್ಧಿ ಕಡಿಮೆಯಾಗಿರುವುದಿಲ್ಲ, ಮೊದಲ ಮೂರು ತಿಂಗಳು ಕಿವಿಗೆ ಭಾಷೆ ಕೂತಿರುವುದಿಲ್ಲ.

ತಂದೆ ಅವತ್ತು ಇನ್ನೊಂದೇ ಪ್ರಶ್ನೆ ಕೇಳಿದರು. ಇದು ನಾನು ಹೇಳಿಕೊಟ್ಟದ್ದು. ಮಿಲ್ಲರ್ ಮತ್ತು ರೋಲ್ನಿಕ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಬೆಳೆಸಿದ ಸಮಾಲೋಚನೆಯ ಒಂದು ಪದ್ಧತಿ ಇದೆ. ಮೊದಮೊದಲು ಕುಡಿತ ಬಿಡಿಸುವ ಕೆಲಸಕ್ಕೆ ಅಂತ ಬಂದದ್ದು, ಈಗ ಬೇರೆ ಕಡೆಗಳಲ್ಲೂ ಬಳಸುತ್ತಾರೆ. ಅದರಲ್ಲಿ ಬರುವ ಪ್ರಶ್ನೆ ಇದು: "ರಾತ್ರಿ ಲಗೂನ ಮಲಗೂದು ನಿನಗ ಎಷ್ಟು ಬೇಕಾಗೈತಿ? ಸೊನ್ನಿಯಿಂದ ಹತ್ತರೊಳಗ ಹೇಳು." ಹುಡುಗ "ನಾಕು" ಅಂದ. ನಮ್ಮ ಬಾಯಿಗೆ ತಕ್ಷಣ ಬರುವುದು "ಬರೇ ನಾಕನು? ಹತ್ತು ಯಾಕಿಲ್ಲ?" ಅಂತ. ಹಾಗೆ ಕೇಳಿದರೆ ಮಲಗದೇ ಇರಲಿಕ್ಕೆ ಏನೇನು ಕಾರಣ ಅಂತ ಅವನು ಪಟ್ಟಿ ಕೊಡುತ್ತಾನೆ, ಕೊಡುತ್ತ ಕೊಡುತ್ತ ತಾನೇ ಅದನ್ನು ನಂಬುತ್ತಾನೆ. ತಿರುಗಿಸಿ ಕೇಳಬೇಕು: "ನಾಕು ಅಂದಿ, ಒಂದು ಅನ್ನಲಿಲ್ಲ. ಯಾಕ?" ಆಗ ಅವನು ಹೇಳಬೇಕಾದದ್ದು ಮಲಗಬೇಕು ಅನ್ನಲಿಕ್ಕೆ ತನ್ನವೇ ಕಾರಣಗಳನ್ನು. ಹುಡುಗ ಅಂದ: "ಮುಂಜಾನೆ ತಲಿ ಭಾಳ ನೋಯತೈತಿ. ಟ್ಯೂಷನ್‌ದಾಗ ನಿದ್ದಿ ಹತ್ತಿ ಒಮ್ಮೆ ಸರ್ ಹೊರಗ ನಿಲ್ಲಿಸಿದ್ರು." ಟ್ಯೂಷನ್ನಿನಲ್ಲಿ ಹೊರಗೆ ನಿಲ್ಲಿಸಿದ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಂದೆ "ಹೌದಾ, ಹೊರಗ ನಿಲ್ಲಿಸಿದ್ರಾ" ಅಂದರು. ಟ್ಯೂಷನ್ ಸರ್ ಪರವಾಗಿಯೂ ಮಾತಾಡಲಿಲ್ಲ, ವಿರುದ್ಧವೂ ಮಾತಾಡಲಿಲ್ಲ. ಅಷ್ಟಕ್ಕೆ ನಿಲ್ಲಿಸಿ ಮನೆಗೆ ಹೋಗಿ ಊಟ ಮಾಡಿದರು.

ಎರಡನೆಯ ಮಾತು ಮೂರು ದಿನ ಬಿಟ್ಟು ಆಯಿತು. ಈ ಸಲ ಮೊಬೈಲನ್ನೇ ನಡುವೆ ಇಟ್ಟುಕೊಂಡರು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ಒಳಗೆ `Digital Wellbeing & parental controls` ಅಂತ ಇರುತ್ತದೆ, ಐಫೋನಿನಲ್ಲಿ `Screen Time`. ಯಾವ ಆ್ಯಪ್ ಎಷ್ಟು ಹೊತ್ತು ನೋಡಿದ್ದು ಅಂತ ದಿನದಿನಕ್ಕೆ ಅದರಲ್ಲಿ ಬರುತ್ತದೆ. ಯಾವ ತಾಸಿನಲ್ಲಿ ಏನು ನೋಡಿದ್ದು ಅನ್ನುವುದನ್ನು ಯೂಟ್ಯೂಬಿನ ಹಿಸ್ಟರಿ ಜೊತೆ ಇಟ್ಟು ಅವನೇ ಹೇಳಬಲ್ಲ. ಇದನ್ನು ಮಗನ ಹಿಂದೆ ಕದ್ದು ನೋಡಬೇಡಿ. ಅವನ ಕೈಯಲ್ಲೇ ಫೋನು ಇರಲಿ, ಅವನೇ ತೆರೆದು ತೋರಿಸಲಿ, ತೋರಿಸಲಿಕ್ಕೆ ಮನಸ್ಸಿಲ್ಲದ ಚಾಟ್ ಇದ್ದರೆ ಅದು ಹಾಗೇ ಇರಲಿ. ನಮಗೆ ಬೇಕಾದದ್ದು ತಾಸಿನ ಲೆಕ್ಕ ಮಾತ್ರ.

ಆ ವಾರದ ರಾತ್ರಿಗಳನ್ನು ಬಿಡಿಸಿ ನೋಡಿದಾಗ ತಂದೆ ಬೆಪ್ಪಾದರು. ಹತ್ತರಿಂದ ಹನ್ನೊಂದರವರೆಗೆ ಹುಡುಗ ನೋಡುತ್ತಿದ್ದದ್ದು ಭೌತಶಾಸ್ತ್ರದ ವಿಡಿಯೋ ಪಾಠಗಳನ್ನು! ಅದೂ ಹಿಂದಿ ಬೆರೆಸಿದ ಇಂಗ್ಲಿಷಿನಲ್ಲಿ. ಅರ್ಧ ಪಾಠಕ್ಕೆ ತಲೆ ಕೆಡುತ್ತಿತ್ತು, ಅಲ್ಲಿಂದ ರೀಲ್ಸಿಗೆ ಹಾರುತ್ತಿದ್ದ. ಹನ್ನೊಂದೂಕಾಲರ ಸುಮಾರಿಗೆ ರೀಲ್ಸು, ಹನ್ನೆರಡಕ್ಕೆ ಹಳೆಯ ಸಾಲಿ ಗೆಳೆಯರ ವಾಟ್ಸಾಪ್ ಗ್ರೂಪು, ಆಮೇಲೆ ಮತ್ತೆ ರೀಲ್ಸು. ದಿನಾಲೂ ಇದೇ ಸರದಿ. ಅಂದರೆ ಮೊಬೈಲು ಅವನನ್ನು ಅಭ್ಯಾಸದಿಂದ ಎಳೆದುಕೊಂಡು ಹೋಗಲಿಲ್ಲ. ಅಭ್ಯಾಸ ತಡವರಿಸಿದ ಜಾಗದಲ್ಲಿ ಅವನು ಮೊಬೈಲಿನೊಳಗೆ ತಪ್ಪಿಸಿಕೊಂಡ. ಗದಗಿನಲ್ಲಿ ಅವನಿಗೆ ಇನ್ನೂ ಗೆಳೆಯರಿಲ್ಲ, ಊರಿನ ಗೆಳೆಯರು ಆರ್ಟ್ಸೋ ಐಟಿಐಯೋ ಸೇರಿ ಅಲ್ಲೇ ಉಳಿದಿದ್ದಾರೆ, ಅವರು ಸಿಗುವುದು ರಾತ್ರಿ ಹನ್ನೆರಡಕ್ಕೆ. ಇದನ್ನು ಕಸಗೊಂಡರೆ ಅವನಿಗೆ ಉಳಿಯುವುದೇನು?

ಆದ್ದರಿಂದ ಒಪ್ಪಂದ ಎರಡು ಕಡೆಯಿಂದ ಆಯಿತು. ಮೊದಲು ತಂದೆ ಕೊಟ್ಟದ್ದು. ಬೆಳಗಿನ ಐದೂವರೆಯ ಬ್ಯಾಚ್ ಬಿಡಿಸಿ, ಸಂಜೆ ಆರರ ಬ್ಯಾಚಿಗೆ ಹಾಕಿದರು. ಇದಕ್ಕೆ ಟ್ಯೂಷನ್ನಿನವರು ಒಪ್ಪಲಿಕ್ಕೆ ಒಂದು ವಾರ ಹಿಡಿಯಿತು. ಇದರಿಂದ ಎರಡು ಕೆಲಸ ಆದವು: ಬೆಳಿಗ್ಗೆ ಏಳರವರೆಗೆ ಮಲಗಬಹುದು, ಸಂಜೆ ಮಲಗಲಿಕ್ಕೆ ಪುರುಸೊತ್ತೇ ಇಲ್ಲ. ತೀರಾ ದಣಿದರೆ ಕಾಲೇಜಿನಿಂದ ಬಂದ ಕೂಡಲೇ ಇಪ್ಪತ್ತು ನಿಮಿಷ, ಅಲಾರಾಂ ಇಟ್ಟುಕೊಂಡು. ಭೌತಶಾಸ್ತ್ರದ ಲೆಕ್ಚರರನ್ನು ತಂದೆ ಖುದ್ದಾಗಿ ಕಂಡು, ವಾರಕ್ಕೆ ಎರಡು ದಿನ ಕ್ಲಾಸ್ ಮುಗಿದ ಮೇಲೆ ಹತ್ತು ನಿಮಿಷ ಕೇಳಲಿಕ್ಕೆ ಅವಕಾಶ ಮಾಡಿಸಿಕೊಂಡರು. ಹತ್ತನೆಯತ್ತೆಯ ಕನ್ನಡ ವಿಜ್ಞಾನ ಪುಸ್ತಕವನ್ನು ಊರಿನಿಂದ ತರಿಸಿ ಪಕ್ಕಕ್ಕೆ ಇಟ್ಟುಕೊಂಡು ಓದು ಅಂತ ಆ ಲೆಕ್ಚರರೇ ಹೇಳಿದರಂತೆ.

ಹುಡುಗ ಕೊಟ್ಟದ್ದು ಒಂದೇ. ರಾತ್ರಿ ಫೋನು ಅಡಿಗೆಮನೆಯ ಪ್ಲಗ್ಗಿನಲ್ಲಿ ಚಾರ್ಜಿಗೆ. ತಂದೆಯ ಫೋನೂ ಅಲ್ಲೇ, ಅಕ್ಕನದೂ ಅಲ್ಲೇ. ಅಲಾರಾಂಗೆ ಅಂತ ಒಂದು ಸಾದಾ ಗಡಿಯಾರ ತಂದರು. "ಅಲಾರಾಂಗ ಫೋನ್ ಬೇಕ್" ಅನ್ನುವ ಮಾತಿಗೆ ಅಲ್ಲಿಗೆ ಮುಕ್ತಾಯ. ಮೊದಲನೆಯ ವಾರ ಹನ್ನೆರಡೂವರೆಗೆ, ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ತಾಸು ಮೊದಲು. ಒಂದೇ ಸಲ ಹತ್ತಕ್ಕೆ ತಂದರೆ ಮೈ ಕೇಳುವುದಿಲ್ಲ, ಹಾಸಿಗೆಯಲ್ಲಿ ಹೊರಳಾಡಿ ಎದ್ದು ಫೋನಿಗೆ ಹೋಗುತ್ತಾನೆ. ಆದಿತ್ಯವಾರವೂ ಎಂಟರ ಒಳಗೆ ಏಳಬೇಕು, ಎದ್ದು ಬಿಸಿಲಿಗೆ ಹೋಗಬೇಕು. ಮುಂಜಾನೆಯ ಬೆಳಕು ಆ ಹಿಂದೆ ಬಿದ್ದ ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ. ಗೆಳೆಯರ ಗ್ರೂಪಿಗೆ ಸಂಜೆ ಟ್ಯೂಷನ್ ಮುಗಿದ ಮೇಲೆ ಅರ್ಧ ತಾಸು, ಅದರಲ್ಲಿ ಯಾರೂ ಬಾಯಿ ಹಾಕುವಂತಿಲ್ಲ. ತಪ್ಪಿದರೆ ಏನು ಅನ್ನುವುದನ್ನೂ ಮೊದಲೇ ಮಾತಾಡಿಕೊಂಡರು: ಮರುದಿನ ಫೋನು ಅರ್ಧ ತಾಸು ಮೊದಲು ಅಡಿಗೆಮನೆಗೆ. ಅಷ್ಟೇ, ಬೈಗುಳ ಇಲ್ಲ.

ನಾಲ್ಕನೆಯ ರಾತ್ರಿಯೇ ತಪ್ಪಿತು. ಅಕ್ಕನ ಫೋನು ಎತ್ತಿಕೊಂಡು ಹೋಗಿ ಎರಡರವರೆಗೆ ನೋಡಿದ್ದ. ತಂದೆ ನನಗೆ ಫೋನ್ ಮಾಡಿದರು: "ನೋಡ್ರಿ ಸರ್ರ, ನಾಯಿ ಬಾಲ ಡೊಂಕ." ನಾನು ಕೇಳಿದೆ, ಮೂರು ರಾತ್ರಿ ನಡೀತಲ್ಲ, ಅದಕ್ಕೆ ಏನಂತೀರಿ? ತಪ್ಪಿದ ದಿನ ಏನಾಗಿತ್ತು ಅಂತ ಕೇಳಿದಿರಾ? ಕೇಳಿದಾಗ ಗೊತ್ತಾದದ್ದು, ಅವತ್ತು ಕಾಲೇಜಿನಲ್ಲಿ ಗಣಿತದ ಲೆಕ್ಕ ಮಾಡು ಅಂತ ಬೋರ್ಡಿಗೆ ಕರೆದಿದ್ದರು, ಬರಲಿಲ್ಲ, ಮಂದಿ ನಕ್ಕಿದ್ದರು. ಮಾತಾಡಿಕೊಂಡಂತೆ ಮರುದಿನ ಫೋನು ಅರ್ಧ ತಾಸು ಮೊದಲು ಒಳಗೆ ಹೋಯಿತು, ಬೈಗುಳ ಬರಲಿಲ್ಲ. ಬೈಯದೇ ಇದ್ದದ್ದು ಹುಡುಗನಿಗೆ ಬಹಳ ವಿಚಿತ್ರ ಅನಿಸಿತಂತೆ.

ಈಗ ನಿಮ್ಮ ಮನಸ್ಸಿನಲ್ಲಿ ಇರುವ ಪ್ರಶ್ನೆ, ಮಾರ್ಕ್ಸ್ ಎಷ್ಟು ಬಂತು? ಒಂದು ತಿಂಗಳಿಗೆ ನಿದ್ದೆ ಹನ್ನೊಂದೂವರೆಗೆ ಬಂದು ನಿಂತಿತು, ಅದಕ್ಕಿಂತ ಮೊದಲಿಗೆ ಬರಲಿಲ್ಲ. ಏಳೂವರೆ ತಾಸು. ಮುಂದಿನ ಪರೀಕ್ಷೆಯಲ್ಲಿ ಭೌತಶಾಸ್ತ್ರ 29 ಇದ್ದದ್ದು 44, ಗಣಿತ 36. ಪೇಢೆ ಹಂಚುವ ಮಾರ್ಕ್ಸ್ ಅಲ್ಲ ಇವು. ರಾತ್ರಿ ಸುಧಾರಿಸಲಿಕ್ಕೆ ಮೂರು ನಾಲ್ಕು ವಾರ, ಮಾರ್ಕ್ಸ್ ಸುಧಾರಿಸಲಿಕ್ಕೆ ಒಂದೆರಡು ಪರೀಕ್ಷೆ ಬೇಕು. ಬಿಟ್ಟುಹೋದ ಪಾಠ ಬಿಟ್ಟೇ ಹೋಗಿರುತ್ತದಲ್ಲ, ಅದನ್ನು ಹಿಂದೆ ಹೋಗಿ ಓದಬೇಕು. ಮಲಗಿದ ಮಾತ್ರಕ್ಕೆ ಅದು ಬರುವುದಿಲ್ಲ. ಈ ಅಂತರ ಗೊತ್ತಿಲ್ಲದೆ ಎರಡು ವಾರಕ್ಕೇ "ಏನೂ ಉಪಯೋಗ ಆಗಲಿಲ್ಲ" ಅಂತ ಬಿಟ್ಟವರು ಬಹಳ.

ಹೆಣ್ಣುಮಕ್ಕಳ ಪಾಲಕರಿಗೆ ಒಂದು ಮಾತು ಬೇರೆ ಹೇಳಬೇಕು. ಮಗ ರಾತ್ರಿ ಫೋನು ಹಿಡಿದರೆ ನಮಗೆ ಮಾರ್ಕ್ಸಿನ ಚಿಂತೆ, ಮಗಳು ಹಿಡಿದರೆ ಮರ್ಯಾದೆಯ ಚಿಂತೆ. "ಕಾಲೇಜ್ ಬಿಡಸ್ತೀನಿ, ಮದಿವಿ ಮಾಡಿ ಕಳಸ್ತೀನಿ" ಅಂತ ಒಂದು ಸಲ ಅಂದರೆ ಸಾಕು, ಆ ಹುಡುಗಿ ಮುಂದೆ ನಿಮಗೆ ಏನೂ ಹೇಳುವುದಿಲ್ಲ. ಯಾರೋ ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದರೂ ಹೇಳುವುದಿಲ್ಲ, ಯಾಕಂದರೆ ಹೇಳಿದರೆ ಹೋಗುವುದು ಅವಳ ಕಾಲೇಜೇ. ಗಂಡುಹುಡುಗರಿಗೂ ಈಗ ಇಂಥ ಬೆದರಿಕೆ ಬರುತ್ತವೆ, ದುಡ್ಡು ಕೇಳುತ್ತಾರೆ. ಮೆಸೇಜ್ ಬಂದ ಕೂಡಲೇ ಮುಖ ಬಿಳಿಚಿಕೊಂಡರೆ, ಮನೆಯಲ್ಲಿ ದುಡ್ಡು ಕಾಣೆಯಾದರೆ, ಮಾರ್ಕ್ಸಿನ ಮಾತು ಅಲ್ಲಿಗೆ ನಿಲ್ಲಿಸಿ. "ಏನಾದ್ರೂ ಆಗಿರಲಿ, ನಿನ್ನ ಕಾಲೇಜ್ ಬಿಡಸೂದಿಲ್ಲ" ಅಂತ ಮೊದಲು ಹೇಳಿ, ಆಮೇಲೆ ಕೇಳಿ. ದುಡ್ಡು ಕೊಡಬೇಡಿ, ಚಾಟ್ ಅಳಿಸಬೇಡಿ, 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಮಕ್ಕಳಿಗೆ ಅಂತಲೇ 1098 ಇದೆ.

ಇನ್ನೊಂದು ಗುರುತು ಹಿಡಿಯಬೇಕಾದದ್ದು ಖಿನ್ನತೆ. ರಾತ್ರಿ ಫೋನು ಹಿಡಿದು ಕೂರುವುದು ಕೆಲವು ಸಲ ನಿದ್ದೆ ಬರದೇ ಇರುವುದರ ಫಲ, ನಿದ್ದೆ ಬರದೇ ಇರುವುದು ಮನಸ್ಸು ಕುಗ್ಗಿದ್ದರ ಫಲ. ಈ ವಯಸ್ಸಿನಲ್ಲಿ ಅದು ಅಳುವಿಗಿಂತ ಸಿಡುಕಾಗಿ ಕಾಣುವುದು ಹೆಚ್ಚು. ಎರಡು ವಾರ ದಾಟಿಯೂ ಆಟ, ಗೆಳೆಯರು, ಇಷ್ಟದ ತಿಂಡಿ ಯಾವುದೂ ಬೇಡವಾದರೆ, ಫೋನಿನಲ್ಲೂ ಖುಷಿ ಕಾಣದೆ ಸುಮ್ಮನೆ ಬೆರಳು ಆಡಿಸುತ್ತಿದ್ದರೆ, "ನಾ ಇದ್ದು ಏನ್ ಉಪಯೋಗ" ಅನ್ನುವಂಥ ಮಾತು ಬಂದರೆ, ನೇರವಾಗಿ ಕೇಳಿ: "ಸಾಯಬೇಕು ಅಂತ ಅನಸತೈತೇನು?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಆಗುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ, ಗದಗಿನಿಂದ ಒಂದೆರಡು ತಾಸಿನ ದಾರಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಗೇಮಿನ ಚಟದ ಬಗ್ಗೆ ಕೇಳಿ ಒಂದು ಚೀಟಿಯೂ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಕಾಯಿಲೆ ಅಂತ ಒಂದನ್ನು ಗುರುತಿಸಿದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಒಂದು ವರ್ಷ ಹಿಡಿತ ತಪ್ಪಿ, ಓದು, ಮನೆ, ಗೆಳೆತನ ಎಲ್ಲ ಕೆಟ್ಟಿರಬೇಕು. ರಾತ್ರಿ ಎರಡು ತಾಸು ಆಡುವ ಎಲ್ಲರಿಗೂ ಆ ಹೆಸರು ಹಚ್ಚಬೇಡಿ.

ಕೊನೆಗೆ ಪ್ರಶ್ನೆಗಳಿಗೆ ಸಮಯ ಬಿಟ್ಟಿದ್ದೆ. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬರು ಎದ್ದು ನಿಂತು ಕೇಳಿದರು: "ಇಷ್ಟೆಲ್ಲಾ ಯಾಕ್ರಿ ಸರ್ರ? ಫೋನ್ ಕಸಗೊಂಡು ಕಪಾಟಿನ್ಯಾಗ ಇಟ್ರ ಮುಗೀತಲ್ಲ?" ಎಂಟು ಹತ್ತು ವರ್ಷದ ಮಕ್ಕಳಿಗೆ ಅದು ಸರಿ, ಹಾಗೇ ಮಾಡಿ. ಪಿಯು ಹುಡುಗನಿಗೆ ಕಾಲೇಜಿನ ನೋಟ್ಸ್ ಬರುವುದೂ ವಾಟ್ಸಾಪಿನಲ್ಲೇ, ಟೆಸ್ಟಿನ ತಾರೀಖು ಬರುವುದೂ ಅದರಲ್ಲೇ. ಪೂರ್ತಿ ಕಸಗೊಂಡರೆ ಗೆಳೆಯನ ಹಳೆಯ ಫೋನು ಎರಡು ದಿನದಲ್ಲಿ ಬರುತ್ತದೆ, ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಮಾತು ಮಾತು ಅಂತ ತಿಂಗಳುಗಟ್ಟಲೆ ಎಳೆಯಬೇಡಿ. ಎಷ್ಟು ಗಂಟೆಗೆ ಅನ್ನುವುದರಲ್ಲಿ ಅವನ ಮಾತು ನಡೆಯಲಿ, ರಾತ್ರಿ ಫೋನು ಮಲಗುವ ಕೋಣೆಯಿಂದ ಹೊರಗೆ ಅನ್ನುವುದರಲ್ಲಿ ನಿಮ್ಮ ಮಾತು ನಡೆಯಲಿ. ಆ ಒಂದನ್ನು ಸಡಿಲ ಬಿಡಬೇಡಿ.

ಹಿಂದಿನ ಸಾಲಿನಿಂದ ಒಬ್ಬ ತಾಯಿ: "ಮಾತಾಡಾಕ ಕುಂತ್ರ ಎದ್ದ ಹೋಗತಾನ್ರೀ. ಏನ್ ಮಾಡೂದು?" ಹೋಗಲಿ ಬಿಡಿ, ಹಿಂದೆ ಹೋಗಬೇಡಿ, ಬಾಗಿಲು ಬಡಿಯಬೇಡಿ. "ಆತು, ನಾಳೆ ಸಂಜಿಮುಂದ ಕೇಳ್ತೀನಿ" ಅಂತ ಹೇಳಿ, ಹೇಳಿದಂತೆ ನಾಳೆ ಸಂಜೆ ಕೇಳಿ. ಮತ್ತೂ ಎದ್ದು ಹೋದರೆ ಬರೆದು ಕಳಿಸಿ. ನಗಬೇಡಿ, ಅವನಿಗೇ ವಾಟ್ಸಾಪ್ ಮಾಡಿ, ಎರಡು ಸಾಲು, ಬೈಗುಳ ಇಲ್ಲದೆ. ಎಷ್ಟೋ ಮಕ್ಕಳು ಮುಖ ನೋಡಿ ಹೇಳಲಾಗದ್ದನ್ನು ಅಲ್ಲಿ ಟೈಪ್ ಮಾಡುತ್ತಾರೆ. ಅದಕ್ಕೂ ಉತ್ತರ ಬರದಿದ್ದರೆ ಅವನು ಯಾರ ಮಾತು ಕೇಳುತ್ತಾನೋ ಅವರನ್ನು ಹುಡುಕಿ. ಸೋದರಮಾವ ಇರಬಹುದು, ಕಾಲೇಜಿನ ಒಬ್ಬ ಲೆಕ್ಚರರು ಇರಬಹುದು, ಪಕ್ಕದ ಮನೆಯ ಡಿಗ್ರಿ ಓದುವ ಹುಡುಗ ಇರಬಹುದು. ಅವರಿಗೂ ಮೊದಲು ಇದನ್ನೇ ಹೇಳಿ: ಬುದ್ಧಿ ಹೇಳಬ್ಯಾಡ್ರಿ, ಯಾವ ವಿಷಯ ಎಲ್ಲಿ ನಿಂತೈತಿ ಅಂತ ಅಷ್ಟ ಕೇಳಿ ಬರ್ರಿ.